ಎರಡು ಮೊಳೆಯ ನಡುವಿನ ಮೊಳ

ಆ ಗುರುವಾರ ಅಜ್ಜಿಯ ಬಲಗೈಗೆ ಕಟ್ಟು ಬಿದ್ದಿತ್ತು. ಎರಡು ದಿನ ಮುಂಚೆ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿನ ಕೆಸರಲ್ಲಿ ಜಾರಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡಿದ್ದಳು. ಮಾರನೇ ದಿನ ವರಮಹಾಲಕ್ಷ್ಮಿ ಹಬ್ಬ. ಗಾಂಧಿಬಜಾರಿನ ನಮ್ಮ ಅಂಗಡಿ ಅಂದರೆ ಒಂದು ಹಲಗೆ, ಮೇಲೊಂದು ನೀಲಿ ಟಾರ್ಪಾಲು, ನಾಲ್ಕು ಮಂಕರಿ. ಅವತ್ತು ಮಾತ್ರ ಹೂವು ಫುಟ್‌ಪಾತಿನ ತನಕ ಹರಡಿತ್ತು. ಸೇವಂತಿಗೆ, ಮಲ್ಲಿಗೆ, ಕನಕಾಂಬರ, ಬಕೆಟ್ಟಿನ ನೀರಲ್ಲಿ ತಾವರೆ ಮೊಗ್ಗು, ಒದ್ದೆ ಬಟ್ಟೆ ಸುತ್ತಿಟ್ಟ ಕೇದಿಗೆ.

"ಅಳೆಯೋದು ಇವತ್ತು ನೀನೇ ಪುಟ್ಟಿ" ಅಂದಳು ಅಜ್ಜಿ.

ನನಗಾಗ 12 ವರ್ಷ. ಕಟ್ಟೋದು ಚೆನ್ನಾಗಿ ಬರುತ್ತಿತ್ತು. ಬಾಳೆ ನಾರು ಎಡಗೈಲಿ ಹಿಡಿದು, ಈ ಕಡೆ ಎರಡು ಹೂವು, ಆ ಕಡೆ ಎರಡು ಹೂವು ಇಟ್ಟು, ಒಂದು ಸುತ್ತು, ಒಂದು ಗಂಟು. ಆದರೆ ಅಳೆದು ಕೊಡೋದು ಅಜ್ಜಿಯ ಕೆಲಸ. ಮೊಳ ಅಂದರೆ ಮೊಣಕೈಯಿಂದ ನಡುಬೆರಳ ತುದಿವರೆಗೆ, ಅಲ್ವಾ? ನನ್ನ ಕೈ ಎಷ್ಟಿದ್ದೀತು!

ಹತ್ತು ಗಂಟೆಗೆಲ್ಲ ಜಗಳ ಶುರುವಾಯಿತು.

"ಇದೇನಮ್ಮ, ಮೊಳಕ್ಕೆ 120 ರೂಪಾಯಿ ತಗೊಂಡು ಮಗು ಮೊಳ ಕೊಡ್ತೀಯಾ?" ಅಂದರು ಒಬ್ಬ ಹೆಂಗಸು, ಕನಕಾಂಬರವನ್ನು ನನ್ನ ಮುಂದೆಯೇ ತೂಗಾಡಿಸುತ್ತಾ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ರೇಟು ಜಾಸ್ತಿಯಿತ್ತು. ಕನಕಾಂಬರಕ್ಕೆ ತೂಕವೇ ಇಲ್ಲ, ಒಂದು ಕೆಜಿಗೆ ಮಂಕರಿ ತುಂಬುವಷ್ಟು ಬಿಡಿಸಬೇಕು. ಅದರ ಮೇಲೆ ಶ್ರಾವಣದ ಮಳೆ, ಹಬ್ಬದ ನೂಕು. ಇದನ್ನೆಲ್ಲ ಬ್ಯಾಗು ಹಿಡಿದು ನಿಂತವರಿಗೆ ಹೇಳುತ್ತಾ ಕೂರೋಕಾಗುತ್ತಾ? ನನಗೆ ಅಳು ಬಂತು.

ಅಜ್ಜಿ ಬೈಯಲಿಲ್ಲ. ಎಡಗೈಯಿಂದ ಹಲಗೆ ಮೇಲಿನ ಗೋಣಿತಾಟನ್ನು ಸರಿಸಿದಳು. ಹಲಗೆಯ ಅಂಚಿನಲ್ಲಿ ಎರಡು ಮೊಳೆ. ತಲೆ ಸವೆದು ಕಪ್ಪಗಾಗಿದ್ದವು. ನಾನು ದಿನಾ ಅದರ ಮೇಲೇ ಕೂತರೂ ನೋಡಿರಲಿಲ್ಲ.

"ಇದು ನಮ್ಮತ್ತೆ ಮೊಳ" ಅಂದಳು. "ನಾನು ಮದುವೆಯಾಗಿ ಬಂದಾಗ ನನ್ನ ಕೈಯೂ ನಿನ್ನ ಹಾಗೇ ಇತ್ತು. ಜನ ಗಲಾಟೆ ಮಾಡಿದರು. ಅತ್ತೆ ಸುಮ್ನೆ ತಮ್ಮ ಕೈ ಹಲಗೆ ಮೇಲಿಟ್ಟು, ಈ ಕಡೆ ಒಂದು, ಆ ಕಡೆ ಒಂದು ಹೊಡೆದರು. ಅವರ ಕೈ ಉದ್ದ."

ಅಜ್ಜಿ ತನ್ನ ಎಡ ಮೊಣಕೈಯನ್ನು ಒಂದು ಮೊಳೆಗಿಟ್ಟು ಬೆರಳು ಚಾಚಿದಳು. ಇನ್ನೊಂದು ಮೊಳೆ ಒಂದು ಬೆರಳಗಲ ಆಚೆಗಿತ್ತು.

"ಮತ್ತೆ ನೀನು ಕೈಲೇ ಅಳೆಯೋದು?"

"ಅಳೆದ ಮೇಲೆ ಒಂದು ಬೆರಳು ಜಾಸ್ತಿ ಬಿಡ್ತೀನಲ್ಲ, ನೋಡಿಲ್ವಾ?"

ನೋಡಿದ್ದೆ. ಅದು ಕೊಸರು ಅಂದುಕೊಂಡಿದ್ದೆ.

ಆ ಹೆಂಗಸಿಗೆ ಮೊಳೆಯಿಂದ ಮೊಳೆಗೆ ಹಿಡಿದು ಮತ್ತೆ ಅಳೆದು ಕೊಟ್ಟೆ. ಅವರು ಏನೂ ಅನ್ನದೆ ಇನ್ನೆರಡು ಮೊಳ ತಗೊಂಡರು. ಆಮೇಲೆ ನನಗೆ ಪುರುಸೊತ್ತೇ ಸಿಗಲಿಲ್ಲ. ತಾವರೆ ಮಧ್ಯಾಹ್ನಕ್ಕೇ ಖಾಲಿ. ನಾಲ್ಕಕ್ಕೆ ಮಳೆ ಬಂತು, ಬಾಳೆಕಂದು ಮಾರೋ ಅಣ್ಣ ನಮ್ಮ ಟಾರ್ಪಾಲಿನ ಕೆಳಗೇ ನಿಂತ. ಸಂಜೆಯಾಗುತ್ತಲೇ ಮಲ್ಲಿಗೆ ಮೊಗ್ಗು ಬಿರಿಯತೊಡಗಿ, ಇಡೀ ಬೀದಿಯಲ್ಲಿ ಅದರದ್ದೇ ವಾಸನೆ.

ರಾತ್ರಿ ಹನ್ನೊಂದಾಗಿತ್ತು. ಮಂಕರಿ ಕವುಚುತ್ತಿದ್ದಾಗ ಒಬ್ಬ ಅಕ್ಕ ಓಡಿ ಬಂದಳು. ಹೆಗಲಲ್ಲಿ ಊಟದ ಬ್ಯಾಗು, ಕತ್ತಲ್ಲಿ ಗಾರ್ಮೆಂಟ್ಸಿನ ಗುರುತಿನ ಚೀಟಿ.

"ಕನಕಾಂಬರ ಒಂದು ಮೊಳ ಇದೆಯಾ? ಈಗ ಬಿಟ್ಟರು. ಕಳಶಕ್ಕೆ ಏನೂ ತಗೊಂಡಿಲ್ಲ."

ಉಳಿದಿದ್ದ ಒಂದೇ ತುಂಡನ್ನು ಹಲಗೆ ಮೇಲೆ ಹಿಡಿದೆ. ಮೊಳೆಗೆ ಮೂರು ಬೆರಳು ಕಡಿಮೆ.

"ಪರವಾಗಿಲ್ಲ ಕೊಡು ಪುಟ್ಟಿ, ಬಸ್ಸು ಹೋಗುತ್ತೆ."

ನಾನು ಅಜ್ಜಿಯ ಮುಖ ನೋಡಿದೆ. ಅವಳು ಆಗಲೇ ಮಂಕರಿಯ ತಳದಲ್ಲಿ ಅಂಟಿಕೊಂಡಿದ್ದ ಹೂವುಗಳನ್ನು ಎಡಗೈಲಿ ಬಿಡಿಸುತ್ತಿದ್ದಳು. ಬಾಡಿದ್ದನ್ನು ಪಕ್ಕಕ್ಕೆ ಹಾಕಿ, ಒಳ್ಳೆಯದನ್ನು ಎರಡೆರಡಾಗಿ ನನ್ನ ಕೈಗೆ ಕೊಟ್ಟಳು. ನಾನು ನಾರು ಒದ್ದೆ ಮಾಡಿಕೊಂಡು ತುದಿಗೆ ಸೇರಿಸಿ ಕಟ್ಟುತ್ತಾ ಹೋದೆ. ಈ ಕಡೆ ಎರಡು, ಆ ಕಡೆ ಎರಡು. ಅಕ್ಕ ಒಂದು ಸಲ ರಸ್ತೆ ನೋಡಿದಳು, ಆಮೇಲೆ ಬ್ಯಾಗು ಕೆಳಗಿಟ್ಟು ನಮ್ಮ ಕೈಗಳನ್ನೇ ನೋಡುತ್ತಾ ನಿಂತಳು.

ಹೂವು ಮೊಳೆ ಮುಟ್ಟಿತು. ಅಜ್ಜಿ ಇನ್ನೆರಡು ಹೂವು ಕೊಟ್ಟಳು. ಅದನ್ನೂ ಕಟ್ಟಿ, ನಾರು ಕತ್ತರಿಸಿ, ಬಾಳೆಲೆಯಲ್ಲಿ ಸುತ್ತಿ ಕೊಟ್ಟೆ.