ಜೂನ್ 1ರಂದು ಹುಟ್ಟಿದ ನನ್ನ ಮಕ್ಕಳಿಗೆ

ನಮಸ್ಕಾರ ಮಕ್ಕಳೇ. ನಿಮ್ಮಲ್ಲಿ ಕೆಲವರ ಮಕ್ಕಳಿಗೂ ನಾನೇ ಅಕ್ಷರ ತಿದ್ದಿಸಿದ್ದೇನೆ, ಆದರೂ ನಿಮ್ಮನ್ನು ಬೇರೆ ಹೇಗೆ ಕರೆಯಬೇಕೋ ನನಗೆ ತಿಳಿಯುವುದಿಲ್ಲ. ಇವತ್ತು ಮೇ 31. ಶಿಕ್ಷಕರ ಹಾಜರಿ ಪುಸ್ತಕದಲ್ಲಿ ಕೊನೆಯ ಸಹಿ ಹಾಕಿ, ಐದನೇ ತರಗತಿಯ ಕೋಣೆಯಲ್ಲಿ ಬಂದು ಕುಳಿತಿದ್ದೇನೆ. ನಮ್ಮ ಹೊಸ ಶಿಕ್ಷಕಿ ಮೊಬೈಲ್ ಹಿಡಿದು ಎದುರಿಗೆ ನಿಂತಿದ್ದಾರೆ. ಒಂದೇ ನಿಮಿಷ ಮಾತನಾಡಬೇಕು ಎಂದು ನಿಮ್ಮ ಆಜ್ಞೆಯಾಗಿದೆಯಂತೆ.

ಆಗಲಿ. ನೀವು ನನ್ನನ್ನು ‘ಅಕ್ಕೋರೇ’ ಎಂದು ಕರೆದಿರಿ, ಗದರಿದರೂ ಮರುದಿನ ನಗುತ್ತಲೇ ಬಂದಿರಿ. ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿಯ ಗಂಟನ್ನು ನನ್ನ ಮೇಜಿನ ಮೇಲಿಟ್ಟು, ಯಾರು ಇಟ್ಟರೆಂದು ಹೇಳದೆ ಓಡಿದಿರಿ. ನಿಮ್ಮಲ್ಲಿ ಒಬ್ಬರು ಬ್ಯಾಂಕಿನಲ್ಲಿದ್ದೀರಿ, ಒಬ್ಬರು ಸೈನ್ಯದಲ್ಲಿದ್ದೀರಿ, ಬಹಳ ಮಂದಿ ಹೊಲದಲ್ಲಿದ್ದೀರಿ, ಬೆಂಗಳೂರಿನಲ್ಲಿ ಗಾರೆ ಕೆಲಸದಲ್ಲಿದ್ದೀರಿ. ಎಲ್ಲಿದ್ದರೂ ಚೆನ್ನಾಗಿರಿ. ದಾರಿಯಲ್ಲಿ ಸಿಕ್ಕರೆ ಮಾತನಾಡಿಸಿ. ಕನ್ನಡಕ ಹಾಕಿಕೊಂಡರೂ ಗುರುತು ಸಿಗದಿದ್ದರೆ ಅಪ್ಪನ ಹೆಸರು ಹೇಳಿ, ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂಬುದೂ ನೆನಪಾಗುತ್ತದೆ. ಇಷ್ಟು ವರ್ಷ ನನ್ನ ಜೊತೆ ಇದ್ದದ್ದಕ್ಕೆ ತುಂಬು ಮನಸ್ಸಿನ ಧನ್ಯವಾದಗಳು.

ಇಲ್ಲಿಗೆ ನಿಮ್ಮ ಒಂದು ನಿಮಿಷ ಆಯಿತು. ಗುಂಪಿನಲ್ಲಿ ಹಾಕುವವರು ಬೇಕಾದರೆ ಇಲ್ಲಿಗೇ ಕತ್ತರಿಸಿಕೊಳ್ಳಲಿ. ಉಳಿದದ್ದು ತಾಳ್ಮೆ ಇದ್ದವರಿಗೆ. ಗಂಟೆ ಹೊಡೆದ ಮೇಲೂ ಪಾಠ ನಿಲ್ಲಿಸದ ನನ್ನ ಚಾಳಿ ನಿಮಗೆ ಹೊಸದಲ್ಲ.

ಮೊದಲು ನಿಮ್ಮ ಹುಟ್ಟುಹಬ್ಬದ ವಿಷಯ. ನಾಳೆ ಜೂನ್ 1. ನಿಮ್ಮಲ್ಲಿ ಬಹುತೇಕರ ಹುಟ್ಟುಹಬ್ಬ ನಾಳೆಯೇ. ಬೆಳಗಾದರೆ ಫೇಸ್‌ಬುಕ್ಕಿನವರೂ ಬ್ಯಾಂಕಿನವರೂ ಒಟ್ಟಿಗೇ ಶುಭಾಶಯ ಕಳಿಸುತ್ತಾರೆ, ಮನೆಯಲ್ಲಿ ಮಾತ್ರ ಯಾರಿಗೂ ನೆನಪಿರುವುದಿಲ್ಲ. ನಿಮ್ಮನ್ನು ಶಾಲೆಗೆ ಸೇರಿಸಲು ಬಂದಾಗ ನಿಮ್ಮ ಅವ್ವಂದಿರನ್ನು ನಾನು ಕೇಳಿದ್ದೆ, ‘ಯಾವಾಗ ಹುಟ್ಟಿದ್ದು?’ ಎಂದು. ‘ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಿ ಬಂದ ರಾತ್ರಿ’ ಎಂದರು ಒಬ್ಬರು. ‘ಕೆಂದಾಕಳು ಎರಡನೇ ಕರು ಹಾಕಿದ ವಾರ’ ಎಂದರು ಇನ್ನೊಬ್ಬರು. ನನ್ನ ಮಟ್ಟಿಗೆ ಅವು ನಂಬಬಹುದಾದ ದಾಖಲೆಗಳೇ. ಆದರೆ ದಾಖಲಾತಿ ವಹಿಯ ಆ ಸಣ್ಣ ಕಲಮಿನಲ್ಲಿ ಆಕಳಿಗೆ ಜಾಗವಿಲ್ಲ. ಶಾಲೆ ಸೇರುವ ವಯಸ್ಸು ತುಂಬಬೇಕು, ಲೆಕ್ಕ ಸರಿಹೋಗಬೇಕು, ಹಾಗಾಗಿ ಜೂನ್ 1. ಊರೂರಲ್ಲೂ ನಡೆದದ್ದು ಇದೇ. ನಾನು ಒಂದನೇ ತರಗತಿಗೆ ಸೇರಿದಾಗ ನನ್ನ ಮಾಸ್ತರರೂ ಹಾಗೇ ಬರೆದರು. ಅದರ ಫಲವಾಗಿ, ತಿಂಗಳ ಮೊದಲ ತಾರೀಖಿನವರು ಹಿಂದಿನ ತಿಂಗಳ ಕೊನೆಗೇ ನಿವೃತ್ತರಾಗಬೇಕು ಎಂಬ ನಿಯಮದಂತೆ ನಾನು ಇವತ್ತು ಮನೆಗೆ ಹೊರಟಿದ್ದೇನೆ. ನಮ್ಮ ಅವ್ವನ ಪ್ರಕಾರ ನಾನು ಹುಟ್ಟಿದ್ದು ಸುಗ್ಗಿಯಲ್ಲಿ. ಅವಳ ಮಾತನ್ನು ಇಲಾಖೆ ಕೇಳಿದ್ದರೆ ಇನ್ನೂ ಕೆಲವು ತಿಂಗಳು ನಿಮ್ಮ ಮಕ್ಕಳಿಗೆ ಮಗ್ಗಿ ಒಪ್ಪಿಸಲು ಹೇಳುತ್ತಿದ್ದೆನೋ, ಮೊದಲೇ ಮನೆ ಸೇರುತ್ತಿದ್ದೆನೋ, ಲೆಕ್ಕ ಹಾಕಲು ಹೋಗಿಲ್ಲ.

ಆ ದಾಖಲಾತಿ ವಹಿಯ ಬಗ್ಗೆಯೇ ನನಗೆ ಇವತ್ತು ಮಾತನಾಡಬೇಕಿದೆ.

ಅದರ ಹಳೆಯ ಪುಟಗಳಲ್ಲಿ ಜಿಲ್ಲೆ ಎಂಬಲ್ಲಿ ರಾಯಚೂರು ಎಂದಿದೆ, 1997ರ ನಂತರದ ಪುಟಗಳಲ್ಲಿ ಕೊಪ್ಪಳ. ಜಿಲ್ಲೆ ಹೊಸದಾದ ವರ್ಷ ನಿಮ್ಮಲ್ಲಿ ಒಬ್ಬಳು, ‘ಅಕ್ಕೋರೇ, ನಾವು ಮನೆ ಬದಲಿಸಲಿಲ್ಲವಲ್ಲ, ಜಿಲ್ಲೆ ಹೇಗೆ ಬದಲಾಯಿತು?’ ಎಂದು ಕೇಳಿದ್ದಳು. ಅಶೋಕನ ಪಾಠದ ದಿನ ಕೇಳಿದವನು ಇನ್ನೊಬ್ಬ. ಕೊಪ್ಪಳದ ಗವಿಮಠದಲ್ಲೂ ಪಾಲ್ಕಿಗುಂಡುವಿನಲ್ಲೂ ಅಶೋಕನ ಶಾಸನಗಳಿವೆ ಎಂದು ನಾನು ಹೇಳಿ ಮುಗಿಸುವ ಮೊದಲೇ, ‘ಜಾತ್ರೆಗೆ ಬಂದಿದ್ದನಾ?’ ಎಂದ. ಗವಿಸಿದ್ಧೇಶ್ವರ ಜಾತ್ರೆಗೆ ಊರೂರಿನಿಂದ ರೊಟ್ಟಿ ಹೊರೆ ಹೋಗುವುದನ್ನು ನೋಡಿದ ಹುಡುಗನಿಗೆ ಕೊಪ್ಪಳಕ್ಕೆ ಹೋಗಲು ಬೇರೆ ಕಾರಣ ಯಾವುದು ತಾನೇ ಹೊಳೆಯಬೇಕು? ಆ ಹುಡುಗ ಈಗ ಎಲ್ಲೋ ಇತಿಹಾಸವನ್ನೇ ಪಾಠ ಮಾಡುತ್ತಿದ್ದಾನೆ. ಹೆಸರು ಹೇಳುವುದಿಲ್ಲ, ಅವನ ವಿದ್ಯಾರ್ಥಿಗಳ ಮುಂದೆ ಅವನ ಮರ್ಯಾದೆ ಉಳಿಯಲಿ.

2002ರಲ್ಲಿ ಅಕ್ಷರ ದಾಸೋಹ ಮೊದಲು ನಮ್ಮ ಭಾಗದ ಜಿಲ್ಲೆಗಳಲ್ಲೇ ಶುರುವಾಯಿತು. ಅದನ್ನು ನೋಡಿದವರಿಗೆ ಬಿಸಿಯೂಟ ಎಂದರೇನು ಎಂದು ಬೇರೆಯವರು ವಿವರಿಸಬೇಕಾಗಿಲ್ಲ. ಆ ಮೊದಲ ವಾರ ಮೂರನೇ ತರಗತಿಯ ಒಬ್ಬಳು ಸೊಂಟದ ಮೇಲೆ ತಮ್ಮನನ್ನು ಹೊತ್ತು, ತಲೆಯ ಮೇಲೆ ತಟ್ಟೆಯನ್ನು ಬೋರಲು ಹಾಕಿಕೊಂಡು ಬಂದಿದ್ದಳು. ತಮ್ಮನ ಹೆಸರು ಯಾವ ವಹಿಯಲ್ಲೂ ಇರಲಿಲ್ಲ. ಅವಳು ತನ್ನ ತಟ್ಟೆಯ ಅನ್ನಕ್ಕೆ ಬೆರಳಿನಿಂದ ನಡುವೆ ಗೆರೆ ಎಳೆದಳು. ಸಾರು ಗೆರೆ ದಾಟಿ ತಮ್ಮನ ಕಡೆ ಹರಿಯಿತು, ಅವಳು ತಡೆಯಲಿಲ್ಲ. ಅಡುಗೆಯವರು ಏನೂ ಹೇಳದೆ ಇನ್ನೊಂದು ಸೌಟು ಬಡಿಸಿದರು. ಆ ವರ್ಷ ಮಧ್ಯಾಹ್ನದ ನಂತರದ ಹಾಜರಿ ನೋಡಿ ನಮಗೇ ಆಶ್ಚರ್ಯವಾಗಿತ್ತು.

ಆದರೆ ಊಟವೊಂದರಿಂದಲೇ ನಿಲ್ಲುವಂಥದ್ದಲ್ಲ ಗುಳೆ. ದೀಪಾವಳಿ ಮುಗಿಯುತ್ತಿದ್ದಂತೆ ಲಾರಿಗಳು ಬಂದು ನಿಲ್ಲುತ್ತಿದ್ದವು. ಮಳೆ ಕೈಕೊಟ್ಟ ವರ್ಷ ಅಷ್ಟೂ ಕಾಯುತ್ತಿರಲಿಲ್ಲ. ಪಾತ್ರೆ, ಹಾಸಿಗೆ, ಜೋಳದ ಚೀಲ, ಅದರ ಮೇಲೆ ನೀವು. ಹಾಜರಿ ಕೂಗುವಾಗ ನಿಮ್ಮ ಹೆಸರು ಬಂದರೆ ಉಳಿದವರು ಒಂದೇ ಧ್ವನಿಯಲ್ಲಿ ‘ಗುಳೆ ಹೋಗಿದ್ದಾನೆ ಅಕ್ಕೋರೇ’ ಎನ್ನುತ್ತಿದ್ದರು. ಅಜ್ಜಿಯ ಜೊತೆ ಉಳಿದವರು ಶಾಲೆಗೆ ಬಂದರು. ಅಜ್ಜಿ ಇಲ್ಲದವರು ಬೆಂಗಳೂರಿಗೋ ಮಂಗಳೂರಿಗೋ ಗೋವಾಕ್ಕೋ ಹೋದರು.

ಹೋದವರಲ್ಲಿ ಒಬ್ಬ ಒಂದು ಬೇಸಿಗೆಯ ಕೊನೆಗೆ ಗೋವಾದಿಂದ ಮರಳಿ ಬಂದ. ಭಿನ್ನರಾಶಿ ಎಂದರೆ ಅವನಿಗೆ ಹೊಟ್ಟೆನೋವು ಬರುತ್ತಿತ್ತು. ಆಗಷ್ಟೇ ನಮ್ಮ ಶಾಲೆಗೆ ಹೊಸ ಕಾಂಪೌಂಡ್ ಗೋಡೆ ಕಟ್ಟಿದ್ದರು. ಅವನು ದಾರದ ತುದಿಗೆ ಕಲ್ಲು ಕಟ್ಟಿ, ಗೋಡೆಯ ಮೇಲಿಂದ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿ, ‘ಮುಕ್ಕಾಲು ಅಂಗುಲ ಹೊರಗೆ ವಾಲಿದೆ’ ಎಂದ. ಅಳತೆಪಟ್ಟಿ ಹಿಡಿದು ನೋಡಿದೆವು. ಮುಕ್ಕಾಲು ಅಂಗುಲವೇ. ಮರುದಿನ ಅದೇ ದಾರ, ಅದೇ ಕಲ್ಲು ಇಟ್ಟುಕೊಂಡು ಇಡೀ ತರಗತಿಗೆ ಅರ್ಧ, ಕಾಲು, ಮುಕ್ಕಾಲು ಹೇಳಿಕೊಟ್ಟೆ, ಅವನಿಂದಲೇ ಹೇಳಿಸಿದೆ. ಆ ವರ್ಷದ ದೀಪಾವಳಿಗೆ ಲಾರಿ ಮತ್ತೆ ಬಂತು. ಐದನೇ ತರಗತಿ ಅವನಿಗೆ ಮುಗಿಯಲೇ ಇಲ್ಲ.

ಕಳೆದ ವರ್ಷ ಕುಷ್ಟಗಿ ಬಸ್ ನಿಲ್ದಾಣದಲ್ಲಿ ಅವನನ್ನು ಕಂಡೆ. ಮೇಸ್ತ್ರಿಯಾಗಿದ್ದಾನೆ, ಕೈಕೆಳಗೆ ಆಳುಗಳಿದ್ದಾರೆ, ಜೊತೆಗೆ ಹೆಂಡತಿ, ಇಬ್ಬರು ಮಕ್ಕಳು. ನನ್ನನ್ನು ನೋಡಿದವನೇ ಕಂಬದ ಹಿಂದೆ ಸರಿದ. ನಾನು ಬಿಡುವವಳೇ? ಹೋಗಿ ಹಿಡಿದೆ. ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಯಾಕಿಲ್ಲ ಎಂದು ಕೇಳಿದೆ. ‘ನಾನು ಶಾಲೆ ಬಿಟ್ಟವನು ಅಕ್ಕೋರೇ, ಹಳೆಯ ವಿದ್ಯಾರ್ಥಿ ಅಂತ ಹೇಗೆ ಹೇಳಿಕೊಳ್ಳಲಿ?’ ಎಂದ. ಬಸ್ ಬಂತು, ನನ್ನ ಚೀಲವನ್ನು ಕಿಟಕಿಯಿಂದ ಸೀಟಿನ ಮೇಲೆ ಹಾಕಿಕೊಟ್ಟು ಹೋದ.

ಈಗ ಗುರುವಂದನೆ ಏರ್ಪಡಿಸಿರುವ ನನ್ನ ಉತ್ಸಾಹಿ ಮಕ್ಕಳು ಸ್ವಲ್ಪ ಕಿವಿಗೊಡಿ. ನೀವು ಕಳಿಸಿದ ಪಟ್ಟಿ ನೋಡಿದೆ. ಅದನ್ನು ಏಳನೇ ತರಗತಿ ಮುಗಿಸಿ ಟಿ.ಸಿ. ಪಡೆದವರ ಹೆಸರುಗಳಿಂದ ಮಾಡಿದ್ದೀರಿ. ಅಚ್ಚುಕಟ್ಟಾಗಿದೆ, ಆದರೆ ಅದು ಅರ್ಧ ಪಟ್ಟಿ. ದಾಖಲಾತಿ ವಹಿಯಿಂದ ಮಾಡಿ. ಒಂದನೇ ತರಗತಿಗೆ ಯಾರ ಹೆಸರು ಬರೆದೆವೋ ಅವರೆಲ್ಲ ಈ ಶಾಲೆಯವರೇ. ಮುಖ್ಯಗುರುಗಳಿಗೆ ಹೇಳಿದ್ದೇನೆ, ಕಚೇರಿಯಲ್ಲೇ ಕುಳಿತು ಹೆಸರು ನೋಡಿಕೊಳ್ಳಲು ಬಿಡುತ್ತಾರೆ. ವಹಿಯನ್ನು ಮನೆಗೆ ಕೊಡುವುದಿಲ್ಲ, ಫೋಟೊ ತೆಗೆದು ಗುಂಪಿನಲ್ಲಿ ಹಾಕುವುದೂ ಬೇಡ. ಫೋನ್ ನಂಬರ್ ಇಲ್ಲದವರ ಮನೆಗೆ ಯಾರಾದರೂ ನಡೆದೇ ಹೋಗಿ ಹೇಳಿ ಬನ್ನಿ, ನಾನೂ ಅಷ್ಟು ವರ್ಷ ಮನೆಮನೆಗೆ ನಡೆದಿದ್ದೇನೆ.

ಶಾಲೆ ಬಿಟ್ಟ ನನ್ನ ಮಕ್ಕಳಿಗೂ ಎರಡು ಮಾತು. ನೀವು ಓದಿದ ವರ್ಷಗಳಿಗೆ ವ್ಯಾಸಂಗ ಪ್ರಮಾಣಪತ್ರ ಸಿಗುತ್ತದೆ. ನಮ್ಮ ಭಾಗಕ್ಕೆ 371ಜೆ ಬಂದ ಮೇಲೆ ಅದನ್ನು ಕೇಳಿಕೊಂಡು ಬರುವವರು ಹೆಚ್ಚಾಗಿದ್ದಾರೆ, ನೀವೂ ಸಂಕೋಚ ಬಿಟ್ಟು ಕೇಳಿ. ಓದುವ ಆಸೆ ಇನ್ನೂ ಇದ್ದರೆ ಎಸ್ಸೆಸ್ಸೆಲ್ಸಿಯನ್ನು ಖಾಸಗಿಯಾಗಿ ಕಟ್ಟಬಹುದು. ಇನ್ನು ನನಗೆ ಸಮಯವೇ ಸಮಯ. ಕುಷ್ಟಗಿಯ ನಮ್ಮ ಮನೆಯ ಜಗುಲಿಯ ಮೇಲೆ ಸಂಜೆ ಕುಳಿತಿರುತ್ತೇನೆ. ಸಮಾಜ ವಿಜ್ಞಾನ, ಕನ್ನಡ, ಗಣಿತಕ್ಕೆ ಬನ್ನಿ. ಇಂಗ್ಲಿಷ್‌ಗೆ ನನ್ನ ಮಗಳನ್ನು ಒಪ್ಪಿಸುತ್ತೇನೆ. ಓದು ಬೇಡ ಎನ್ನುವವರು ಚಹಾ ಕುಡಿದು ಹೋಗಿ.

ಕಾರ್ಯಕ್ರಮ ಕಾರ ಹುಣ್ಣಿಮೆ ಕಳೆದ ಭಾನುವಾರ, ಬೆಳಿಗ್ಗೆ ಹತ್ತಕ್ಕೆ, ಶಾಲೆಯ ಅಂಗಳದಲ್ಲೇ. ಮೆರವಣಿಗೆ, ತೆರೆದ ಜೀಪು, ಆಳೆತ್ತರದ ಫ್ಲೆಕ್ಸ್ ಯಾವುದೂ ಬೇಡ. ಫ್ಲೆಕ್ಸಿನಲ್ಲಿ ನನ್ನ ಮುಖವನ್ನು ಅಷ್ಟು ದೊಡ್ಡದಾಗಿ ನೋಡಿ ಒಂದನೇ ತರಗತಿಯವರು ಹೆದರಿಯಾರು. ಶಾಲು, ಬೆಳ್ಳಿಯ ಮೂರ್ತಿ ಎಂದು ಕೂಡಿಸಿದ ದುಡ್ಡು ಇದ್ದರೆ, ದೂರದಿಂದ ಬರುವವರ ದಾರಿ ಖರ್ಚಿಗೆ ಕೊಡಿ. ಹೆಣ್ಣುಮಕ್ಕಳು ಬಸ್ಸಿನ ನೆಪ ಹೇಳುವಂತಿಲ್ಲ, ಶಕ್ತಿ ಯೋಜನೆ ಇದೆ. ಬಿತ್ತನೆ ಇದ್ದವರು ಹೊಲ ಮುಗಿಸಿಕೊಂಡೇ ಬನ್ನಿ, ಭಾಷಣ ತಪ್ಪಿದರೂ ಊಟ ತಪ್ಪುವುದಿಲ್ಲ. ಆ ಮೇಸ್ತ್ರಿಯ ಊರು ಗೊತ್ತಿರುವವರು ಅವನನ್ನು ಕರೆದುಕೊಂಡೇ ಬರಬೇಕು, ಕಾಂಪೌಂಡ್ ಗೋಡೆ ಈಗ ಎಷ್ಟು ವಾಲಿದೆ ಎಂದು ಅವನೇ ನೋಡಿ ಹೇಳಲಿ. ಎಷ್ಟು ಜನ ಬರುತ್ತೀರಿ ಎಂಬುದನ್ನು ಹಿಂದಿನ ಗುರುವಾರದೊಳಗೆ ಗುಂಪಿನಲ್ಲಿ ತಿಳಿಸಿ, ಅಡುಗೆಯವರು ಕೇಳುತ್ತಿದ್ದಾರೆ. ತಟ್ಟೆಯ ಲೆಕ್ಕಕ್ಕೆ ಮಕ್ಕಳನ್ನೂ ಸೇರಿಸಿ.