ಟೆಂಡರ್ ಮೌಲ್ಯಮಾಪನದ ಹಂತವನ್ನು ತಿಳಿಸುವಂತೆ ಕೋರಿ ಪತ್ರ

ದಿನಾಂಕ: 10-03-2025
ತಿಪಟೂರು

ಇವರಿಗೆ,
ಕಾರ್ಯಪಾಲಕ ಇಂಜಿನಿಯರ್ ಅವರು,
ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ,
ತುಮಕೂರು ಜಿಲ್ಲೆ.

ವಿಷಯ: ತಿಪಟೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗೆ 4 ಕೊಠಡಿ ನಿರ್ಮಿಸುವ ಕಾಮಗಾರಿಯ ಬಿಡ್ ಕುರಿತು.
ಉಲ್ಲೇಖ: ಟೆಂಡರ್ ಅಧಿಸೂಚನೆ ಸಂಖ್ಯೆ 47/2024-25, ದಿನಾಂಕ 20-12-2024.

ಮಾನ್ಯರೇ,

ಮೇಲ್ಕಂಡ ಕಾಮಗಾರಿಗೆ ದ್ವಿಲಕೋಟೆ ಪದ್ಧತಿಯಲ್ಲಿ ಕರೆದಿದ್ದ ಟೆಂಡರಿಗೆ ನಾನು ಕೆಪಿಪಿಪಿ ಪೋರ್ಟಲ್ ಮೂಲಕ, ಕೊನೆಯ ದಿನವಾದ 10-01-2025ರಂದು ಬಿಡ್ ಸಲ್ಲಿಸಿದ್ದೇನೆ. ತಾಂತ್ರಿಕ ಬಿಡ್‌ಗಳನ್ನು 13-01-2025ರಂದು ತೆರೆಯಲಾಯಿತು. ಹಿಂದಿನ ಕಾಮಗಾರಿಯೊಂದರ ಪೂರ್ಣಗೊಳಿಸಿದ ಪ್ರಮಾಣಪತ್ರದ ಬಗ್ಗೆ ತಮ್ಮ ಕಚೇರಿ ಫೆಬ್ರವರಿ 3ರಂದು ಕೇಳಿದ್ದ ಸ್ಪಷ್ಟೀಕರಣವನ್ನು 6ರಂದೇ ಅಪ್‌ಲೋಡ್ ಮಾಡಿದ್ದು, ಆ ದಾಖಲೆ ಸರಿಯಾಗಿ ತೆರೆದುಕೊಳ್ಳದಿದ್ದಲ್ಲಿ ಮೂಲ ಪ್ರತಿಯನ್ನು ಕಚೇರಿಗೆ ತಂದು ತೋರಿಸಲು ಸಿದ್ಧನಿದ್ದೇನೆ.

ತಾಂತ್ರಿಕ ಮೌಲ್ಯಮಾಪನವು ಇನ್ನೂ ನಡೆಯುತ್ತಿದೆಯೇ ಅಥವಾ ಮುಗಿದು ಟೆಂಡರ್ ಪರಿಶೀಲನಾ ಸಮಿತಿಯ ಮುಂದಿದೆಯೇ, ಮತ್ತು ಆರ್ಥಿಕ ಬಿಡ್ ತೆರೆಯುವ ದಿನಾಂಕ ಗೊತ್ತಾಗಿದೆಯೇ ಎಂಬಷ್ಟನ್ನು ಮಾತ್ರ ತಿಳಿಸಬೇಕೆಂದು ವಿನಂತಿಸುತ್ತೇನೆ. ಮೌಲ್ಯಮಾಪನ ಮುಗಿಯುವವರೆಗೆ ಅದರ ವಿವರಗಳು ಗೌಪ್ಯವಾಗಿರಬೇಕೆಂಬುದನ್ನು ನಾನು ಬಲ್ಲೆ. ಆದ್ದರಿಂದ ಇತರ ಬಿಡ್‌ದಾರರ ಬಗ್ಗೆಯಾಗಲಿ, ನನ್ನ ಬಿಡ್‌ನ ಅರ್ಹತೆಯ ಬಗ್ಗೆ ಸಮಿತಿಯ ಅಭಿಪ್ರಾಯವನ್ನಾಗಲಿ ಇಲ್ಲಿ ಕೇಳುತ್ತಿಲ್ಲ.

ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ. ಟೆಂಡರ್ ದಾಖಲೆಯಲ್ಲಿ ನಿಗದಿಪಡಿಸಿದ 90 ದಿನಗಳ ಬಿಡ್ ಸಿಂಧುತ್ವವು 10-04-2025ಕ್ಕೆ ಮುಗಿಯುತ್ತದೆ. ಅಂದು ಮಹಾವೀರ ಜಯಂತಿಯ ರಜೆಯೂ ಇದೆ. ಅವಧಿ ವಿಸ್ತರಣೆ ಅಗತ್ಯವೆಂದು ತಮಗೆ ಕಂಡುಬಂದಲ್ಲಿ ಅದಕ್ಕೂ ಮುನ್ನ ಲಿಖಿತವಾಗಿ ತಿಳಿಸಿದರೆ, ನಮೂದಿಸಿದ ದರದಲ್ಲಿ ಯಾವ ಬದಲಾವಣೆಯನ್ನೂ ಕೇಳದೆ ಒಪ್ಪಿಗೆ ಪತ್ರ ಕೊಡುತ್ತೇನೆ. ಕಬ್ಬಿಣ ಮತ್ತು ಸಿಮೆಂಟಿನ ದರ ಏರಿದರೂ ಈ ಮಾತಿಗೆ ಬದ್ಧನಾಗಿರುತ್ತೇನೆ.

ಇನ್ನೊಂದು ವಿಚಾರ ಶಾಲೆಗೇ ಸಂಬಂಧಿಸಿದ್ದು. ಸ್ಥಳ ಪರಿಶೀಲನೆಗೆ ಹೋದಾಗ, ಹೊಸ ಕೊಠಡಿಗಳಿಗೆ ಗುರುತಿಸಿರುವ ಜಾಗವು ಮಕ್ಕಳು ನೀರು ಕುಡಿಯಲು ಓಡಾಡುವ ದಾರಿಯಲ್ಲೇ ಇರುವುದನ್ನು ಗಮನಿಸಿದೆ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗಿನ ಬೇಸಿಗೆ ರಜೆಯಲ್ಲಿ ಪಾಯ ತೆಗೆದು ಪ್ಲಿಂತ್ ಮಟ್ಟಕ್ಕೆ ತಂದರೆ, ಮಕ್ಕಳು ಮರಳುವ ವೇಳೆಗೆ ತೆರೆದ ಗುಂಡಿಗಳಿರುವುದಿಲ್ಲ, ಮುಂಗಾರಿನ ನೀರೂ ಪಾಯದಲ್ಲಿ ನಿಲ್ಲುವುದಿಲ್ಲ. ಈ ಕೆಲಸ ಯಾರ ಪಾಲಿಗೆ ಬಂದರೂ ಈ ಅಂಶವನ್ನು ಕಾರ್ಯಾದೇಶದ ಹೊತ್ತಿಗೆ ಗಮನದಲ್ಲಿಡಬೇಕೆಂಬುದು ನನ್ನ ಮನಃಪೂರ್ವಕ ಕೋರಿಕೆ.

ಮಾರ್ಚ್ ತಿಂಗಳು ಬಿಲ್ಲು ಮತ್ತು ಲೆಕ್ಕಪತ್ರಗಳ ಒತ್ತಡದ ಕಾಲವೆಂದು ಅರಿತಿರುವುದರಿಂದ ಪದೇಪದೇ ಫೋನ್ ಮಾಡಿ ಸಿಬ್ಬಂದಿಗೆ ತೊಂದರೆ ಕೊಡುವುದಿಲ್ಲ. ತಮಗೆ ಅನುಕೂಲವಾದಾಗ ಪೋರ್ಟಲ್‌ನಲ್ಲಿ ನೋಂದಾಯಿಸಿರುವ ನನ್ನ ಇ-ಮೇಲ್‌ಗೆ ಒಂದು ಸಾಲಿನ ಉತ್ತರ ಕಳುಹಿಸಿದರೂ ಸಾಕು.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ)
ಮಂಜುನಾಥ
ಪ್ರಥಮ ದರ್ಜೆ ಗುತ್ತಿಗೆದಾರ, ತಿಪಟೂರು

ಅಡಕ: ಬಿಡ್ ಸ್ವೀಕೃತಿಯ ಪ್ರತಿ, 06-02-2025ರ ಸ್ಪಷ್ಟೀಕರಣದ ಪ್ರತಿ.