ಪ್ರಕರಣ ಅಧ್ಯಯನ: ಶುಕ್ರವಾರದ ಮೀಟಿಂಗ್

ಕಲಿಕೆಯ ಉದ್ದೇಶ: ಎಲ್ಲರಿಗೂ ಒಂದೇ ಆಗಿರುವ ನಿಯಮ ಯಾವಾಗ ಕೆಲವರಿಗೆ ಮಾತ್ರ ಭಾರವಾಗುತ್ತದೆ ಎಂದು ಗುರುತಿಸುವುದು, ಕೆಲಸ ಕೆಡದಂತೆ ಹೊಂದಾಣಿಕೆಯ ದಾರಿ ಹುಡುಕುವುದು.

ಸನ್ನಿವೇಶ

14 ಜನರ ಲೆಕ್ಕಪತ್ರ ತಂಡ. ವಾರದ ಮೀಟಿಂಗ್ ಶುಕ್ರವಾರ ಮಧ್ಯಾಹ್ನ 1ಕ್ಕೆ. ಹೊಸದಾಗಿ ಸೇರಿದ ಮುಸ್ಲಿಂ ಉದ್ಯೋಗಿಗೆ ಅದೇ ಹೊತ್ತಿಗೆ ಜುಮ್ಮಾ ನಮಾಜ್. ಅದು ಎಲ್ಲರೂ ಸೇರಿ ಮಾಡುವ ಪ್ರಾರ್ಥನೆ. ಮೀಟಿಂಗ್ 11ಕ್ಕೆ ಇಡಬಹುದೇ ಎಂದು ಕೇಳಿದರು. ಮ್ಯಾನೇಜರ್ ಕೂಡಲೇ ಒಪ್ಪಿದರು.

"ನಾನು ಶನಿವಾರದ ಪಾಳಿ ಬೇಡ ಅಂದಾಗ ಆಗಲ್ಲ ಅಂದ್ರಲ್ಲ?" ಎಂದರು ಶನಿವಾರ ಕೆಲಸ ಬಿಟ್ಟು ಸಬ್ಬತ್ ಎಂಬ ಪವಿತ್ರ ವಿಶ್ರಾಂತಿ ದಿನ ಆಚರಿಸುವ ಅಡ್ವೆಂಟಿಸ್ಟ್ ಕ್ರೈಸ್ತ ಸಹೋದ್ಯೋಗಿ. ಯಾವ ಧರ್ಮವನ್ನೂ ನಂಬದ ಇನ್ನೊಬ್ಬರು, "ಆ ಶನಿವಾರಗಳೆಲ್ಲ ಕೊನೆಗೆ ನನ್ನ ತಲೆಗೇ ಬರುತ್ತೆ, ಅಲ್ವಾ?" ಎಂದು ನಕ್ಕರು. ನಗುವಿನಲ್ಲಿ ಸಿಟ್ಟೂ ಇತ್ತು. ಮ್ಯಾನೇಜರ್ ಸುಮ್ಮನಾದರು.

(ಶಿಕ್ಷಕರಿಗೆ: ಈ ಕೊನೆಯವರ ಮಾತನ್ನು ತರಗತಿ ಸುಲಭವಾಗಿ ದಾಟಿ ಹೋಗುತ್ತದೆ. ಅಲ್ಲೇ ಜಾಸ್ತಿ ಹೊತ್ತು ನಿಲ್ಲಿ.)

ಚರ್ಚೆಗೆ

1. ಮೀಟಿಂಗ್ ಸಮಯ ಬದಲಿಸುವುದು, ಪಾಳಿ ಬದಲಿಸುವುದು ಎರಡೂ ಒಂದೇ ತೂಕದ ಬೇಡಿಕೆಗಳೇ? ಹೊರೆ ಯಾರ ಮೇಲೆ ಬೀಳುತ್ತದೆ?
2. ಯಾರ ಧರ್ಮವನ್ನೂ ಕೇಳದೆ ಶನಿವಾರದ ಪಾಳಿ ಹಂಚುವ ಒಂದು ಪದ್ಧತಿ ಬರೆಯಿರಿ. ಅದರಲ್ಲಿ ಯಾರಿಗೆ ನಷ್ಟ?
3. ಮ್ಯಾನೇಜರ್ ಸುಮ್ಮನಾಗದೆ ಏನು ಹೇಳಬಹುದಿತ್ತು? ಎರಡೇ ವಾಕ್ಯ.